ಬೂತ್ ಗುಣಾಕಾರದಲ್ಲಿ −8 ಏಕೆ ಕೈಕೊಡುತ್ತದೆ?

ಪ್ರಶ್ನೆ: ಬೂತ್ ವಿಧಾನದಲ್ಲಿ ನಾಲ್ಕು ಬಿಟ್‌ಗಳ ಸಂಖ್ಯೆಗಳನ್ನು ಕೈಯಲ್ಲೇ ಗುಣಿಸಿ ಅಭ್ಯಾಸ ಮಾಡುತ್ತಿದ್ದೇನೆ. 7 × −3, −5 × −6 ಎಲ್ಲವೂ ಸರಿಬಂದವು. ಆದರೆ −8 × 3 ಮಾಡಿದರೆ ಪ್ರತಿ ಸಲವೂ +24 ಬರುತ್ತದೆ. ಮೂರು ಬಾರಿ ತಿದ್ದಿ ನೋಡಿದೆ, ಹಂತಗಳಲ್ಲಿ ತಪ್ಪು ಕಾಣುತ್ತಿಲ್ಲ. ಅಲ್ಲದೆ, ಕೂಡುವ ಲೆಕ್ಕದಲ್ಲಿ ಮೊದಲು ಕಳೆಯುವುದೇಕೆ ಎಂಬುದೂ ನನಗೆ ಪೂರ್ತಿ ಅರ್ಥವಾಗಿಲ್ಲ.

ಉತ್ತರ: ನಿಮ್ಮ ಹಂತಗಳು ಸರಿಯಾಗಿಯೇ ಇವೆ. ತೊಂದರೆ ಇರುವುದು ಮೊದಲ ಕಳೆಯುವಿಕೆಯಲ್ಲಿ. ಅಲ್ಲಿ ಹುಟ್ಟುವ +8 ನಾಲ್ಕು ಬಿಟ್‌ಗಳಲ್ಲಿ ಹಿಡಿಸುವುದಿಲ್ಲ. ಇದು ಸ್ಪಷ್ಟವಾಗಬೇಕಾದರೆ ನಿಮ್ಮ ಎರಡನೆಯ ಸಂದೇಹವನ್ನೇ ಮೊದಲು ಎತ್ತಿಕೊಳ್ಳುವುದು ಒಳ್ಳೆಯದು.

ಒಂದು ಸಂಖ್ಯೆಯನ್ನು 99ರಿಂದ ಬಾಯಲ್ಲೇ ಗುಣಿಸಬೇಕಾದಾಗ ನಾವು ಒಂಬತ್ತರ ಮಗ್ಗಿಯನ್ನು ಎರಡು ಸಲ ಹೇಳುವುದಿಲ್ಲ. ನೂರರಿಂದ ಗುಣಿಸಿ ಒಂದು ಸಲ ಕಳೆದುಬಿಡುತ್ತೇವೆ. ಹಿಡಿ ತಿರುಗಿಸಿ ಕೂಡುವ ಹಳೆಯ ಲೆಕ್ಕದ ಯಂತ್ರಗಳಲ್ಲೂ ಇದೇ ಉಪಾಯ ನಡೆಯುತ್ತಿತ್ತು. ಆಂಡ್ರ್ಯೂ ಡೊನಾಲ್ಡ್ ಬೂತ್ 1951ರಲ್ಲಿ ಪ್ರಕಟಿಸಿದ ವಿಧಾನವು ಇದನ್ನೇ ದ್ವಿಮಾನಕ್ಕೆ ತಂದಿತು. 00111100 ಎಂಬ ಗುಣಕದಲ್ಲಿ ನಾಲ್ಕು 1ಗಳ ಸಾಲು ಇದೆ, ಅದರ ಬೆಲೆ 60. ನಾಲ್ಕು ಸಲ ಕೂಡುವ ಬದಲು ಅದನ್ನು 64 − 4 ಎಂದು ಓದಿದರೆ ಒಂದು ಕಳೆಯುವಿಕೆ, ಒಂದು ಕೂಡುವಿಕೆ ಸಾಕು. ನಾವು ಬಿಟ್‌ಗಳನ್ನು ಬಲದಿಂದ ನೋಡುತ್ತ ಬರುವುದರಿಂದ ಸಾಲಿನ ಬಲ ತುದಿ ಮೊದಲು ಸಿಗುತ್ತದೆ. ಆ ತುದಿಗೆ ಸೇರಿದ್ದು −4. ಆದ್ದರಿಂದಲೇ ಕಳೆಯುವುದು ಮೊದಲು, ಸಾಲು ಮುಗಿದ ಮೇಲೆ ಕೂಡುವುದು.

ಋಣ ಗುಣಕಕ್ಕೆ ಬೇರೆ ನಿಯಮ ಬೇಕಿಲ್ಲ. −3 ಎಂದರೆ 1101. ಬಲದಿಂದ ಓದಿದರೆ 1ರ ಸ್ಥಾನದಲ್ಲಿ ಕಳೆ, 2ರ ಸ್ಥಾನದಲ್ಲಿ ಕೂಡು, 4ರ ಸ್ಥಾನದಲ್ಲಿ ಮತ್ತೆ ಕಳೆ. ಕೊನೆಯ ಸಾಲು ಎಡ ಅಂಚಿನವರೆಗೂ ಹೋಗಿಬಿಡುವುದರಿಂದ ಅದನ್ನು ಮುಚ್ಚುವ ಕೂಡುವಿಕೆ ಬರುವುದೇ ಇಲ್ಲ. −1 + 2 − 4 = −3. ಚಿಹ್ನೆಯ ಬಿಟ್ಟಿಗೆ ಋಣ ಬೆಲೆ ತಾನಾಗಿ ಸಿಕ್ಕಿತು. ಈ ವಿಧಾನದಲ್ಲಿ ನನಗೆ ಅತ್ಯಂತ ಇಷ್ಟವಾಗುವುದು ಇದೇ, ಉಳಿಯುವ ಕೂಡುವಿಕೆಗಳ ಲೆಕ್ಕ ಆಮೇಲಿನದು.

ಈಗ ನಿಮ್ಮ −8 × 3. ಗುಣ್ಯ M = 1000, ಗುಣಕ Q = 0011, A ಎಂಬುದು ಮೊತ್ತ ಕೂಡಿಬರುವ ಜಾಗ. ಬಲ ತುದಿಯ ಒಂಟಿ ಬಿಟ್ ಹಿಂದಿನ ಹಂತದಲ್ಲಿ ಹೊರಬಿದ್ದದ್ದು.

```
            A     Q
ಆರಂಭ       0000  0011  0
1: A - M    1000  0011  0
   ಸರಿಸು    1100  0001  1
2: ಸರಿಸು    1110  0000  1
3: A + M    0110  0000  1
   ಸರಿಸು    0011  0000  0
4: ಸರಿಸು    0001  1000  0
```

00011000, ಅಂದರೆ +24. ನಿಮ್ಮ ಹಾಳೆಯಲ್ಲಿ ಇರುವುದೂ ಇದೇ ಆಗಿರಬೇಕು. ಮೊದಲ ಹಂತದ ಮೇಲೆ ಬೆರಳಿಟ್ಟು ನೋಡಿ: 0 − (−8) ಎಂದರೆ +8. ಆದರೆ ನಾಲ್ಕು ಬಿಟ್‌ಗಳ ಎರಡರ ಪೂರಕದಲ್ಲಿ −8ರಿಂದ +7ರವರೆಗೆ ಮಾತ್ರ ಬರೆಯಬಹುದು. 1000 ಎಂದು ಬರೆದ ಕೂಡಲೇ ಅದು −8 ಆಗಿ ಹೋಯಿತು. ಮುಂದೆ ಬಲಕ್ಕೆ ಸರಿಸುವಾಗ ನೀವು ಚಿಹ್ನೆಯ ಬಿಟ್ಟನ್ನು ನಿಯಮದಂತೆ ಉಳಿಸಿಕೊಂಡಿರಿ, ಹಾಗಾಗಿ +4 ಬರಬೇಕಾದಲ್ಲಿ −4 ಬಂದಿತು. ಅಲ್ಲಿಂದಾಚೆಗೆ ಎಲ್ಲವೂ ಸುಸಂಬದ್ಧವಾಗಿ ತಪ್ಪು. ನಾಲ್ಕು ಬಿಟ್‌ಗಳಲ್ಲಿ +8 ಮತ್ತು −8 ಎರಡಕ್ಕೂ ಒಂದೇ ರೂಪ ಇರುವುದರಿಂದ ನೀವು ಕೊನೆಯವರೆಗೂ ನಿಷ್ಠೆಯಿಂದ +8 × 3 ಮಾಡಿದ್ದೀರಿ! ಗುಣ್ಯ −8 ಆಗಿರುವಾಗ ಸೊನ್ನೆಯಲ್ಲದ ಯಾವ ಗುಣಕ ಕೊಟ್ಟರೂ ಹೀಗೆಯೇ ಆಗುತ್ತದೆ. ಸಂಖ್ಯೆ ಸರಿ, ಚಿಹ್ನೆ ತಿರುಗಿದ್ದು. −8 × −8 ಮಾಡಿ ನೋಡಿ, −64 ಬರುತ್ತದೆ.

ಬೇರೆ ಯಾವ ಗುಣ್ಯಕ್ಕೂ ಈ ಗತಿ ಇಲ್ಲ. ಬೂತ್ ವಿಧಾನದಲ್ಲಿ ಕೂಡುವುದು, ಕಳೆಯುವುದು ಒಂದರ ಹಿಂದೊಂದು ಬರುತ್ತವೆ, ನಡುವೆ ಸರಿಸಿದಾಗ A ಅರ್ಧವಾಗುತ್ತದೆ. ಹಾಗಾಗಿ A ಎಂದೂ ಗುಣ್ಯದ ಗಾತ್ರವನ್ನು ಮೀರಿ ಬೆಳೆಯುವುದಿಲ್ಲ. −7ರ ವಿರುದ್ಧ ಸಂಖ್ಯೆ +7 ನಾಲ್ಕು ಬಿಟ್‌ಗಳಲ್ಲಿ ಹಿಡಿಸುತ್ತದೆ. ವಿರುದ್ಧ ಸಂಖ್ಯೆ ಹಿಡಿಸದೇ ಇರುವುದು −8 ಒಂದಕ್ಕೇ.

ಪರಿಹಾರ ಎಂದರೆ A ಮತ್ತು Mಗೆ ಒಂದೊಂದು ಬಿಟ್ ಹೆಚ್ಚಿಗೆ ಕೊಡುವುದು. Q ನಾಲ್ಕು ಬಿಟ್ ಆಗಿಯೇ ಇರಲಿ, ಹಂತಗಳೂ ನಾಲ್ಕೇ.

```
            A      Q
ಆರಂಭ       00000  0011  0
1: A - M    01000  0011  0
   ಸರಿಸು    00100  0001  1
2: ಸರಿಸು    00010  0000  1
3: A + M    11010  0000  1
   ಸರಿಸು    11101  0000  0
4: ಸರಿಸು    11110  1000  0
```

ಬಲದ ಎಂಟು ಬಿಟ್‌ಗಳು 11101000, ಅಂದರೆ −24. ಇಲ್ಲಿ ಒಂದು ಎಚ್ಚರಿಕೆ: Mಗೆ ಬಿಟ್ ಸೇರಿಸುವಾಗ ಚಿಹ್ನೆಯನ್ನೇ ಎಡಕ್ಕೆ ಚಾಚಬೇಕು, 1000 ಎಂಬುದು 11000 ಆಗಬೇಕು. ಎಡಕ್ಕೆ ಸೊನ್ನೆ ಹಾಕಿ 01000 ಮಾಡಿದರೆ ಗುಣ್ಯ +8 ಆಗಿ ಮತ್ತೆ ಅದೇ +24 ಎದುರಾಗುತ್ತದೆ.

ಗುಣ್ಯ, ಗುಣಕಗಳನ್ನು ಅದಲುಬದಲು ಮಾಡಿದರೂ ಈ ಲೆಕ್ಕ ನಾಲ್ಕೇ ಬಿಟ್‌ಗಳಲ್ಲಿ ಮುಗಿಯುತ್ತದೆ. 3 × −8ರಲ್ಲಿ ಗುಣಕ 1000, ಮೂರು ಸಲ ಬರೀ ಸರಿಸಿ ನಾಲ್ಕನೆಯ ಹಂತದಲ್ಲಿ ಒಂದೇ ಒಂದು ಸಲ 3 ಕಳೆಯುವುದು. ಎರಡೂ −8 ಆಗಿದ್ದಾಗ ಮಾತ್ರ ಈ ಜಾಣತನ ನಡೆಯುವುದಿಲ್ಲ, ಆಗ ಐದನೆಯ ಬಿಟ್ ಬೇಕೇ ಬೇಕು.

ತಪ್ಪು ಉತ್ತರವನ್ನು ನೋಡಿಯೇ ಎಲ್ಲಿ ಎಡವಿದೆವು ಎಂದು ಹೇಳಬಹುದು. ನಿಮಗೆ 24 ಬಂದಿದೆ ಎಂದ ಕೂಡಲೇ ಸರಿಸುವಿಕೆ ಸರಿಯಾಗಿದೆ, ಕೊರತೆ ಇರುವುದು ಬಿಟ್‌ನಲ್ಲಿ ಎಂದು ನನಗೆ ಗೊತ್ತಾಯಿತು. ನಾಲ್ಕು ಬಿಟ್‌ಗಳಲ್ಲಿ ಸರಿಸುವಾಗ ಚಿಹ್ನೆ ಉಳಿಸದೆ ಎಡಕ್ಕೆ ಸೊನ್ನೆ ತುಂಬಿದ್ದರೆ 00101000, ಅಂದರೆ 40 ಬರುತ್ತಿತ್ತು. ಓದುವ ದಿನಗಳಲ್ಲಿ ಆ 40ರ ಜೊತೆ ನಾನು ಒಂದಿಡೀ ಸಂಜೆ ಕಳೆದಿದ್ದೇನೆ.

ಸಾಲು ದಾಟುವುದರಿಂದ ಯಾವಾಗಲೂ ಕೆಲಸ ಕಡಿಮೆಯಾಗುತ್ತದೆ ಎಂದೂ ನಂಬಬೇಡಿ. ಗುಣಕ 0101 ಇದ್ದರೆ ಪ್ರತಿಯೊಂದು 1 ತಾನೇ ಒಂದು ಸಾಲು. ಮಾಮೂಲಿ ರೀತಿಯಲ್ಲಿ ಎರಡು ಕೂಡುವಿಕೆಗೆ ಮುಗಿಯುತ್ತಿದ್ದದ್ದು ಬೂತ್ ವಿಧಾನದಲ್ಲಿ 8 − 4 + 2 − 1 ಆಗಿ ನಾಲ್ಕು ಕ್ರಿಯೆ ಕೇಳುತ್ತದೆ. ಬಿಟ್‌ಗಳನ್ನು ಎರಡೆರಡಾಗಿ ಓದಿದರೆ ಈ ಕಾಟ ತಪ್ಪುತ್ತದೆ: 8 − 4 ಸೇರಿ 4ರ ಸ್ಥಾನದಲ್ಲಿ ಒಂದು ಕೂಡುವಿಕೆ, 2 − 1 ಸೇರಿ 1ರ ಸ್ಥಾನದಲ್ಲಿ ಇನ್ನೊಂದು. ಆದರೆ ಜೋಡಿಯಾಗಿ ಓದುವಾಗ ಗುಣ್ಯದ ಎರಡು ಪಟ್ಟು ಕಳೆಯಬೇಕಾದ ಸಂದರ್ಭವೂ ಬರುತ್ತದೆ. ಆಗ 0 − 2 × (−8) = +16ಕ್ಕೆ ಐದು ಬಿಟ್‌ಗಳೂ ಸಾಲವು, ಆರು ಬೇಕು.