ಮಗುವಿನ ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿದೆ ಎಂದಾಗ

ಚೊಚ್ಚಲ ಬಸುರಿಯೊಬ್ಬರು 32ನೇ ವಾರದ ಸ್ಕ್ಯಾನಿಂಗ್ ವರದಿ ಹಿಡಿದು ಪತಿಯೊಂದಿಗೆ ಆಪ್ತಸಲಹೆಗೆ ಬಂದಿದ್ದರು. (ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.) ಹೊಕ್ಕುಳಬಳ್ಳಿ ಮಗುವಿನ ಕೊರಳಿಗೆ ಒಂದು ಸುತ್ತು ಬಂದಿದೆ ಎಂದು ಅದರಲ್ಲಿತ್ತು. ಕೈ ಮೇಲೆತ್ತಿ ಬಟ್ಟೆ ಒಣಹಾಕಿದ್ದರಿಂದಲೇ ಹೀಗಾಯಿತೆಂದು ಅತ್ತೆಯವರು ಹೇಳಿದ್ದರಿಂದ, ಭಯದ ಜೊತೆಗೆ ತಪ್ಪು ತನ್ನದೇ ಎಂಬ ಕೊರಗೂ ಸೇರಿತ್ತು. "ಮೇಡಂ, ಮಗುವಿಗೆ ಉಸಿರು ಕಟ್ಟುವುದಿಲ್ಲವೇ?" ಎಂದು ಕೇಳಿದರು.

ಹೊಟ್ಟೆಯಲ್ಲಿರುವ ಮಗು ಗಂಟಲಿನಿಂದ ಗಾಳಿ ಎಳೆದುಕೊಳ್ಳುವುದಿಲ್ಲ ಎಂದು ಮೊದಲು ತಿಳಿಸಿದೆ. ಮಾಸಿನಿಂದ ಆಮ್ಲಜನಕವನ್ನೂ ಆಹಾರದ ಸತ್ವವನ್ನೂ ತರುವ ಒಂದು ಅಭಿಧಮನಿ, ಮಗುವಿನ ದೇಹದ ತ್ಯಾಜ್ಯವನ್ನು ಮರಳಿ ಒಯ್ಯುವ ಎರಡು ಅಪಧಮನಿಗಳು ಹೊಕ್ಕುಳಬಳ್ಳಿಯೊಳಗೆ ಇರುತ್ತವೆ. ಆದ್ದರಿಂದ ಕೊರಳು ಬಿಗಿಯಿತೇ ಎಂಬುದಕ್ಕಿಂತ, ಬಳ್ಳಿಯಲ್ಲಿ ರಕ್ತ ಸರಾಗವಾಗಿ ಹರಿಯುತ್ತಿದೆಯೇ ಎಂಬುದೇ ಮುಖ್ಯ. ಈ ರಕ್ತನಾಳಗಳ ಸುತ್ತ ತಾಟಿನಿಂಗಿನ ತಿರುಳಿನಂತಹ ಲೋಳೆ ತುಂಬಿರುವುದರಿಂದ, ಬಳ್ಳಿ ಬಾಗಿದರೂ ತಿರುಚಿದರೂ ಅವು ಸುಲಭವಾಗಿ ಅದುಮಿಹೋಗುವುದಿಲ್ಲ. ಬಳ್ಳಿ ಸುಮಾರು 50–60 ಸೆಂ.ಮೀ. ಉದ್ದವಿರುತ್ತದೆ; ಮಗು ಹೊರಳಾಡುವಾಗ ಸುತ್ತಿಕೊಳ್ಳುತ್ತದೆ, ಎಷ್ಟೋ ಸಲ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ. ಹೆರಿಗೆಯ ಹೊತ್ತಿಗೆ ನಾಲ್ಕೈದು ಮಕ್ಕಳಲ್ಲಿ ಒಂದಕ್ಕೆ ಇಂತಹ ಸುತ್ತು ಇರುತ್ತದೆ. ತಾಯಿ ಕೈ ಎತ್ತುವುದಕ್ಕೂ ಇದಕ್ಕೂ ಸಂಬಂಧವಿಲ್ಲವೆಂದು ಅತ್ತೆಯವರಿಗೂ ತಿಳಿಸುವಂತೆ ಪತಿಗೆ ಹೇಳಿದೆ.

ಅವರು ಗರ್ಭದ ನೀರಿನ ಕುರಿತು ಕೇಳಿದರು. ಐದನೇ ತಿಂಗಳಿನಿಂದಾಚೆಗೆ ಈ ನೀರಿನ ಬಹುಪಾಲು ಮಗುವಿನ ಮೂತ್ರವೇ. ಮಗು ಅದನ್ನು ನುಂಗುತ್ತದೆ, ಮತ್ತೆ ವಿಸರ್ಜಿಸುತ್ತದೆ, ಹೀಗೆ ನೀರು ಹೊಸತಾಗುತ್ತಿರುತ್ತದೆ. ಶ್ವಾಸಕೋಶಗಳು ಬೆಳೆಯಲು, ಕೈಕಾಲು ಆಡಿಸಲು ಅದು ಬೇಕು. ಈ ದಂಪತಿಗೆ ಅತ್ಯಂತ ಮುಖ್ಯವಾದದ್ದು ಇನ್ನೊಂದು ಕೆಲಸ: ನೀರು ಸಾಕಷ್ಟಿದ್ದರೆ ಬಳ್ಳಿ ಅದರಲ್ಲಿ ತೇಲುತ್ತಿರುತ್ತದೆ, ತೀರಾ ಕಡಿಮೆಯಾದರೆ ಮಗುವಿಗೂ ಗರ್ಭಕೋಶದ ಗೋಡೆಗೂ ನಡುವೆ ಸಿಕ್ಕಿ ಒತ್ತಿಹೋಗಬಹುದು. ವರದಿಯಲ್ಲಿ ನೀರಿನ ಸೂಚ್ಯಂಕ 12 ಸೆಂ.ಮೀ. ಎಂದಿತ್ತು. ಸಾಮಾನ್ಯವಾಗಿ 5ರಿಂದ 24ರವರೆಗೆ ಸರಿಯೆಂದು ಪರಿಗಣಿಸುವುದರಿಂದ ಆತಂಕಕ್ಕೆ ಕಾರಣವಿರಲಿಲ್ಲ.

ನನ್ನ ಸಲಹೆ ಇಷ್ಟೇ ಆಗಿತ್ತು. ಮಗುವಿನ ಎಂದಿನ ಮಿಸುಕಾಟವನ್ನು ಗಮನಿಸುತ್ತಿರಬೇಕು. ಅದು ಕಡಿಮೆಯೆನಿಸಿದರೆ ಮರುದಿನಕ್ಕೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ತಡೆಯಲಾಗದಂತೆ ನೀರು ಸೋರಿದರೆ, ಅದರಲ್ಲೂ ಹಸಿರು ಬಣ್ಣವಿದ್ದರೆ, ತಡಮಾಡಬಾರದು. ಅಪರೂಪಕ್ಕೆ ನೀರು ಒಡೆದಾಗ ಬಳ್ಳಿಯೇ ಹೊರಬರುವುದುಂಟು. ಆಗ ಅದನ್ನು ಮುಟ್ಟದೆ, ಮಂಡಿಯೂರಿ ತಲೆ ತಗ್ಗಿಸಿ ಸೊಂಟ ಮೇಲೆತ್ತಿದ ಭಂಗಿಯಲ್ಲೇ ಇದ್ದು 108ಕ್ಕೆ ಕರೆ ಮಾಡಿಸಬೇಕು.

ಸುತ್ತಿದೆ ಎಂಬ ಒಂದೇ ಕಾರಣಕ್ಕೆ ಸಿಸೇರಿಯನ್ ಬೇಕಿಲ್ಲವೆಂದೂ ತಿಳಿಸಿದೆ. ಹೆರಿಗೆ ನೋವಿನ ವೇಳೆ ಮಗುವಿನ ಹೃದಯಬಡಿತವನ್ನು ಪರೀಕ್ಷಿಸುತ್ತಿರುತ್ತಾರೆ. ತಲೆ ಹೊರಬಂದಾಗ ಸುತ್ತು ಸಡಿಲವಾಗಿದ್ದರೆ ಅದನ್ನು ಬೆರಳಿನಿಂದ ಎತ್ತಿ ತಲೆಯ ಮೇಲಿನಿಂದ ದಾಟಿಸಿಬಿಡುತ್ತಾರೆ.