ಹಸಿರು ಕೊಡೆ ಮತ್ತು ನಳದ ನೀರು

“ನನಗೀಗ 72 ವರ್ಷ. ಧಾರವಾಡದಲ್ಲಿ ಓದುವಾಗ ಮನಸ್ಸಿಟ್ಟಿದ್ದ ಹುಡುಗಿಯ ಕೊಡೆಯ ಬಣ್ಣವೂ ನೆನಪಿದೆ. 45 ವರ್ಷಗಳಿಂದ ಜೊತೆಗಿರುವ ನಮ್ಮ ಮನೆಯವರೊಡನೆ ಕಳೆದ ದಿನಗಳು ಮಾತ್ರ ಮಸುಕು. ಹಾಗಾದರೆ ನಿಜವಾದ ಪ್ರೀತಿ ಯಾವುದು?”
— ಓದುಗರೊಬ್ಬರು, ಗದಗ

ಮಾನ್ಯರೇ,

ಇಳಿವಯಸ್ಸಿನವರಿಗೆ ‘ಕುರ್ಚಿ’, ‘ಹೊಳೆ’ಯಂಥ ಸಾದಾ ಪದಗಳನ್ನು ಕೊಟ್ಟು, ಪ್ರತಿಯೊಂದಕ್ಕೂ ಹೊಳೆಯುವ ಒಂದು ನೆನಪನ್ನು ಹೇಳಿಸಿ, ಅದು ಎಷ್ಟನೆಯ ವಯಸ್ಸಿನದೆಂದು ಗುರುತು ಹಾಕಿದಾಗ, ಇತ್ತೀಚಿನ ವರ್ಷಗಳನ್ನು ಬಿಟ್ಟರೆ ಹೆಚ್ಚು ನೆನಪುಗಳು ಸುಮಾರು 10ರಿಂದ 30ರ ನಡುವೆ ಗುಡ್ಡೆಯಾಗಿ ಬೀಳುತ್ತವೆಂದು ಮನಶ್ಶಾಸ್ತ್ರಜ್ಞರು 1986ರಲ್ಲಿಯೇ ತೋರಿಸಿದ್ದಾರೆ. ಪ್ರೀತಿಯ ಮಾತೇ ಇಲ್ಲದಿದ್ದರೂ ಹೀಗಾಗುತ್ತದೆ. ತಮಗೆ ಆ ಹುಡುಗಿಯ ಕೊಡೆಯಷ್ಟೇ ಅಲ್ಲ, ಹಾಸ್ಟೆಲಿನ ಅಡುಗೆಯವನ ಬೈಗುಳವೂ ನೆನಪಿದೆಯಲ್ಲ!

ಆ ವಯಸ್ಸಿನಲ್ಲಿ ಬಹಳಷ್ಟು ಸಂಗತಿಗಳು ಮೊದಲ ಸಲ ನಡೆಯುತ್ತವೆ ಎಂಬುದು ಇದಕ್ಕೊಂದು ಕಾರಣ. ನಡುವಯಸ್ಸಿನಲ್ಲಿ ಬೇರೆ ದೇಶಕ್ಕೆ ವಲಸೆ ಹೋದವರಲ್ಲಿ ಈ ಗುಡ್ಡೆಯು ವಲಸೆಯ ವರ್ಷಗಳ ಕಡೆಗೆ ಸರಿದಿರುವುದು ಕಂಡುಬಂದಿದೆ. ಸಾವಿರ ಸಲ ಜೊತೆಗೆ ಕುಳಿತು ಉಂಡ ರೊಟ್ಟಿ ಊಟಗಳು ಒಂದೇ ಊಟವಾಗಿ ಕರಗಿಹೋಗುತ್ತವೆ. ಪ್ರೀತಿ ಕಡಿಮೆಯಿತ್ತೆಂದು ಅದರಿಂದ ತಿಳಿಯಬೇಕಾಗಿಲ್ಲ.

ಇನ್ನು ಆ ಕೊಡೆಯ ವಿಷಯ. ಪತ್ರದ ಮೊದಲ ಪುಟದಲ್ಲಿ, ಆಕೆ ಊರಿಗೆ ಹೊರಟ ದಿನ ಜಿಟಿಜಿಟಿ ಮಳೆಯಲ್ಲಿ ಹಸಿರು ಕೊಡೆ ಬಿಚ್ಚಿದಳೆಂದು ಬರೆದಿದ್ದೀರಿ. ಮೂರನೆಯ ಪುಟದಲ್ಲಿ ಅದೇ ದಿನ ಚಪ್ಪಲಿಗೆ ಡಾಂಬರು ಅಂಟುವಂಥ ಬಿಸಿಲಿದೆ. ತಾವು ಸುಳ್ಳು ಬರೆದಿಲ್ಲ. ಬಹುಶಃ ಎರಡು ದಿನಗಳು ಕೂಡಿಕೊಂಡಿವೆ. ನೆನಪೆಂಬುದು ಪೆಟ್ಟಿಗೆಯಲ್ಲಿಟ್ಟ ಫೋಟೋ ಅಲ್ಲ. ನೆನೆದಾಗಲೆಲ್ಲ ಅದನ್ನು ಹೊಸದಾಗಿ ಕಟ್ಟುತ್ತೇವೆ, ಹಿಂದಿನ ಸಲ ಕಟ್ಟಿದ್ದು ಮುಂದಿನದಕ್ಕೆ ಸಾಮಗ್ರಿಯಾಗುತ್ತದೆ. ಅದರ ಮೇಲೆ, ಕಹಿ ಘಟನೆಯ ಕಹಿಯು ಸಿಹಿ ಘಟನೆಯ ಸಿಹಿಗಿಂತ ಬೇಗ ಮಾಸುವುದು ಸಾಮಾನ್ಯ. ಆಕೆ ಉತ್ತರ ಬರೆಯದ ಆ ತಿಂಗಳುಗಳಿಗೆ ತಮ್ಮ ಪತ್ರದಲ್ಲಿ ಸಿಕ್ಕಿರುವುದು ಅರ್ಧ ಸಾಲು. ಹಾಗೆಂದು ಎಲ್ಲರಿಗೂ ಮೊದಲ ಪ್ರೀತಿ ಸಿಹಿಯಾಗಿಯೇ ಉಳಿಯುವುದಿಲ್ಲ. ಗಾಯವನ್ನೇ ಕೆದಕುತ್ತ ಕುಳಿತವರಿಗೆ ನೋವು ಹಾಗೆಯೇ ಉಳಿಯಬಹುದು.

ತಮ್ಮ ಹೋಲಿಕೆಯ ತೊಡಕು ಇಲ್ಲಿದೆ. ಒಂದು ತಟ್ಟೆಯಲ್ಲಿ, ಅನೇಕ ಸಲ ತಿದ್ದಿದ ಐದಾರು ದೃಶ್ಯಗಳು. ಇನ್ನೊಂದರಲ್ಲಿ ಸಾಲ, ಬಾಣಂತನ, ಮುನಿಸು, ಔಷಧ ಎಲ್ಲ ಸೇರಿದ 45 ವರ್ಷ. ಆ ಹುಡುಗಿಯೊಡನೆ ತಾವು ಒಂದು ತಿಂಗಳ ಖರ್ಚನ್ನೂ ಲೆಕ್ಕ ಹಾಕಿದವರಲ್ಲ.

ಆದರೆ ಪತ್ರದ ಕೊನೆಗೆ, ಹೇಳಿಯೂ ಹೇಳದಂತೆ, ಒಂದು ಸಂಗತಿ ಬರೆದಿದ್ದೀರಿ: 35ನೆಯ ವಯಸ್ಸಿನಲ್ಲಿ ಗದಗಿಗೆ ವರ್ಗವಾಗಿ ಬಂದ ಮೊದಲ ವಾರ, ನಡುರಾತ್ರಿ ನಳಕ್ಕೆ ನೀರು ಬಂದಾಗ ಇಬ್ಬರೂ ಎದ್ದು ಕೊಡ ತುಂಬಿದ್ದು, ಹಿತ್ತಾಳೆ ಕೊಡ ಜಾರಿ ಬಿದ್ದ ಸದ್ದಿಗೆ ಓಣಿಯ ನಾಯಿಗಳೆಲ್ಲ ಬೊಗಳಿದ್ದು, ತಮ್ಮ ಮನೆಯವರು ಬಾಯಿಗೆ ಸೆರಗು ಹಿಡಿದು ನಕ್ಕದ್ದು. ಅದು ಮಸುಕಾಗಿಲ್ಲ, ಊರೂ ಹೊಸದು, ಮನೆಯೂ ಹೊಸದು. ಆ ರಾತ್ರಿಯ ಬಗ್ಗೆ ಒಮ್ಮೆ ಅವರನ್ನೇ ಕೇಳಿ ನೋಡಿ. ಕೊಡ ಬೀಳಿಸಿದ್ದು ‘ನೀವೇ’ ಎಂದು ಅವರು ಹೇಳಿದರೆ ವಾದಕ್ಕಿಳಿಯಬೇಡಿ.

— ಸಂಪಾದಕ