ಆರು ತಿಂಗಳು ಯಾಕೆ ಅಂತ ಕೇಳಿದೆ

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಶ್ರೀನಿವಾಸಪುರದ ಕಡೆಯವರೊಬ್ಬರು. ಮಾವಿನ ತೋಪುಗಳನ್ನು ಹೂ ಬಿಟ್ಟಾಗಲೇ ಗುತ್ತಿಗೆ ಹಿಡಿದು, ಕಾಯಿ ಕೀಳಿಸಿ ಮಂಡಿಗೆ ಹಾಕುವ ವ್ಯಾಪಾರ. ಏಪ್ರಿಲ್‌ನಲ್ಲಿ ಆಲಿಕಲ್ಲು ಬಿದ್ದು ಎರಡು ತೋಪು ಕೈಬಿಟ್ಟವು. ಪಿಕಪ್ ಗಾಡಿ ಸಾಲದ ಆಗಸ್ಟ್ 5 ಮತ್ತು ಸೆಪ್ಟೆಂಬರ್ 5ರ ಕಂತು ಕಟ್ಟಿಲ್ಲ. ಸೆಪ್ಟೆಂಬರ್ 18ಕ್ಕೆ ನನ್ನ ಹತ್ತಿರ ಸಲಹೆ ಕೇಳಲು ಬಂದರು, ಜೇಬಲ್ಲಿ ಬ್ಯಾಂಕಿಗೆ ಬರೆದ ಎರಡು ಪುಟದ ಪತ್ರ.

ಪತ್ರದಲ್ಲಿ ಹೆಂಡತಿಯ ಕಾಯಿಲೆ, ಮಗಳ ಫೀಸು, ದೇವರ ದಯೆ ಎಲ್ಲ ಇತ್ತು. ಸಾಲದ ಖಾತೆ ನಂಬರ್ ಇರಲಿಲ್ಲ. ಕೊನೆಗೆ "ಆರು ತಿಂಗಳು ಕಂತು ನಿಲ್ಲಿಸಿಕೊಡಿ."

"ಆರು ಯಾಕೆ?"

"ಕೊರೋನಾ ಟೈಮಲ್ಲಿ ಆರು ತಿಂಗಳು ಕೊಟ್ಟಿದ್ರಲ್ಲ ಮೇಡಂ."

2020ರ ಮಾರ್ಚಿಂದ ಆಗಸ್ಟ್‌ವರೆಗಿನ ಆ ವಿನಾಯಿತಿ ರಿಸರ್ವ್ ಬ್ಯಾಂಕ್ ಅನುಮತಿಯ ಮೇಲೆ ಬ್ಯಾಂಕುಗಳು ಒಟ್ಟಾಗಿ ಕೊಟ್ಟದ್ದು. ಈಗ ಹಾಗಲ್ಲ, ಅವರವರ ಲೆಕ್ಕ ನೋಡಿ ಬ್ಯಾಂಕೇ ತೀರ್ಮಾನಿಸಬೇಕು. ಅದಕ್ಕಿಂತ ಮುಖ್ಯ, ಅಕ್ಟೋಬರಿಂದ ಆರು ತಿಂಗಳು ಎಂದರೆ ಮಾರ್ಚ್. ಆಗ ಇವರದು ಔಷಧಿ ಹೊಡೆಸುವ, ತೋಪಿಗೆ ಮುಂಗಡ ಕೊಡುವ ಖರ್ಚಿನ ಕಾಲ. ದುಡ್ಡು ಕೈಗೆ ಬರುವುದು ಮೇ ಕೊನೆಗೆ. ಏಪ್ರಿಲ್‌ನಲ್ಲಿ ಮತ್ತೆ ತಪ್ಪುತ್ತಿದ್ದರು.

ಬಾಕಿ ಅಸಲು 6 ಲಕ್ಷ, ಬಡ್ಡಿ ವರ್ಷಕ್ಕೆ ಶೇ. 12, ಇನ್ನು 36 ಕಂತು, ಕಂತಿಗೆ ಹತ್ತಿರ ಹತ್ತಿರ 20 ಸಾವಿರ. ಅಕ್ಟೋಬರಿಂದ ಮೇವರೆಗೆ ಎಂಟು ತಿಂಗಳು ಏನೂ ಕಟ್ಟದಿದ್ದರೆ ಬಡ್ಡಿ ಅಸಲಿಗೆ ಸೇರುತ್ತದೆ. ಕಂತು ಅಷ್ಟೇ ಇಟ್ಟರೆ 36ರ ಬದಲು ಸುಮಾರು 40 ಕಂತು, ಹೆಚ್ಚಿನ ಹೊರೆ 73 ಸಾವಿರದ ಆಸುಪಾಸು. ತಿಂಗಳಿಗೆ ಬಡ್ಡಿ 6 ಸಾವಿರ ಮಾತ್ರ ಕಟ್ಟುತ್ತಾ ಹೋದರೆ ಎಂಟು ತಿಂಗಳಿಗೆ 48 ಸಾವಿರ, ಆಮೇಲೆ ಅವೇ 36 ಕಂತು. ಇದೇ ಗಾಡಿಯಲ್ಲಿ ಕೋಲಾರದ ಎಪಿಎಂಸಿಗೆ ಟೊಮೆಟೊ ಸಾಗಿಸಿದರೆ ಖರ್ಚು ಕಳೆದು ತಿಂಗಳಿಗೆ ಏಳೆಂಟು ಸಾವಿರ ಉಳಿಯುತ್ತದೆ ಎಂದರು. ಹಾಗಾದರೆ ಕೇಳಬೇಕಾದ್ದು ಅಸಲಿಗೆ ಮಾತ್ರ ಬಿಡುವು, ಜೂನ್‌ನಿಂದ ಪೂರ್ತಿ ಕಂತು.

ಪತ್ರ ಒಂದೇ ಪುಟಕ್ಕೆ ಇಳಿಯಿತು: ಖಾತೆ ನಂಬರ್, ನಷ್ಟದ ಕಾರಣ, ಯಾವ ತಿಂಗಳು ಎಷ್ಟು ಕಟ್ಟುತ್ತೇನೆ ಎಂಬುದು. ಜೊತೆಗೆ ತೋಪಿನ ಗುತ್ತಿಗೆ ಕರಾರು, ಹೋದ ವರ್ಷದ ಮತ್ತು ಈ ವರ್ಷದ ಮಂಡಿ ಚೀಟಿಗಳು. ಹೆಂಡತಿಯ ಕಾಯಿಲೆಯ ಮಾತು ತೆಗೆಸಿದೆ. ಅವರಿಗೆ ಬೇಜಾರಾಯಿತು, ಗೊತ್ತು.

ಕೈಯಲ್ಲಿ 25 ಸಾವಿರ ಇತ್ತು, ತೋಪಿನ ಮುಂಗಡಕ್ಕೆಂದು ಇಟ್ಟದ್ದು. ಅದರಲ್ಲಿ ಆಗಸ್ಟ್ ಕಂತು ಇವತ್ತೇ ಕಟ್ಟಿ ಎಂದೆ. ಬಾಕಿ 90 ದಿನ ದಾಟಿದರೆ ಬ್ಯಾಂಕಿನ ಲೆಕ್ಕದಲ್ಲಿ ಅದು ಕೆಟ್ಟ ಸಾಲ, ಅಂದರೆ ಎನ್‌ಪಿಎ; ಆಗಸ್ಟ್ 5ರಿಂದ ಎಣಿಸಿದರೆ ಆ ಗಡುವು ನವೆಂಬರ್ 3. ಹಳೆಯ ಕಂತು ತೀರಿದರೆ ಎಣಿಕೆ ಸೆಪ್ಟೆಂಬರ್ 5ಕ್ಕೆ ಸರಿಯುತ್ತದೆ, ಒಂದು ತಿಂಗಳು ಉಸಿರಾಡಬಹುದು. ಪತ್ರ ಕೊಟ್ಟ ಮಾತ್ರಕ್ಕೆ ಎಣಿಕೆ ನಿಲ್ಲುವುದಿಲ್ಲ. ನಕಲಿನ ಮೇಲೆ ಶಾಖೆಯ ಸೀಲು, ತಾರೀಕು ಹಾಕಿಸಿಕೊಳ್ಳಿ. ಒಪ್ಪಿದರೆ ಇದನ್ನು "ಸಾಲ ಪುನರ್‌ರಚನೆ" ಎಂದು ದಾಖಲಿಸುತ್ತೀರಾ, ಖಾತೆಯ ವರ್ಗ ಬದಲಾಗುತ್ತದಾ ಎಂದು ಕೇಳಿಯೇ ಸಹಿ ಹಾಕಿ ಎಂದೂ ಹೇಳಿದೆ.

ಮೂರು ವಾರಕ್ಕೆ ಒಪ್ಪಿಗೆ ಬಂತು, ಮೇವರೆಗೆ. ನವೆಂಬರ್ 5ಕ್ಕೆ ಫೋನು: "ಮೇಡಂ, 20 ಸಾವಿರ ಎಳೆಯೋಕೆ ಹೋಗಿ ಬೌನ್ಸ್ ಆಗಿದೆ, ದಂಡಾನೂ ಹಾಕವ್ರೆ!" ಖಾತೆಯಿಂದ ತಾನಾಗಿ ಹಣ ಕಡಿತವಾಗುವ ಹಳೆಯ ಒಪ್ಪಿಗೆಯನ್ನು ಯಾರೂ ಬದಲಿಸಿರಲಿಲ್ಲ. ಅದನ್ನು ನಾನೂ ಮರೆತಿದ್ದೆ. ಒಪ್ಪಿಗೆ ಪತ್ರದ ನಕಲು ಲಗತ್ತಿಸಿ, ದಂಡ ವಾಪಸ್ ಕೇಳಿ ಇನ್ನೊಂದು ಪತ್ರ ಬರೆಸಿದೆ.